ಮೂವತ್ತು ಸಾವಿರದಲ್ಲಿ ಕ್ಯಾಮೆರಾಗೆ ಸೊನ್ನೆ

ಪುಟ್ಟಿ,

ಅಡುಗೆ ವಿಡಿಯೋ ಶುರು ಮಾಡೋಕೆ ಏನೇನು ಕೊಳ್ಳಬೇಕು ಅಂತ ನೀನು ಬರೆದ ಪಟ್ಟಿ ನೋಡಿದೆ. ಕೈಯಲ್ಲಿರುವುದು 30,000, ಅದರಲ್ಲಿ 26,000 ಸೆಕೆಂಡ್ ಹ್ಯಾಂಡ್ ಕ್ಯಾಮೆರಾಗೆ. ಉಳಿದ ನಾಲ್ಕು ಸಾವಿರದಲ್ಲಿ ಮೈಕು, ಲೈಟು, ಸ್ಟ್ಯಾಂಡು ಎಲ್ಲಾ ಮುಗಿಸಬೇಕಂತೆ. ಅಕ್ಕ ಬೇರೆ ಫೋನ್ ಮಾಡಿ "ನೀನೇ ಹೇಳೋ ಅವಳಿಗೆ" ಅಂದಳು. ಹೇಳ್ತೀನಿ ಕೇಳು: ಕ್ಯಾಮೆರಾ ಮುಂದೆ ಸೊನ್ನೆ ಹಾಕು. ನಿನ್ನ ಫೋನಿನ ಹಿಂದಿನ ಕ್ಯಾಮೆರಾ ಅಡುಗೆ ವಿಡಿಯೋಗೆ ಧಾರಾಳ ಸಾಕು. ಆ 26,000ಕ್ಕೆ ಬರುವುದು ಬರೀ ಶುರು. ಆಮೇಲೆ ಇನ್ನೊಂದು ಬ್ಯಾಟರಿ, ಕಾರ್ಡು, ಹತ್ತಿರದಿಂದ ತೆಗೆಯೋಕೆ ಬೇರೆ ಲೆನ್ಸು ಅಂತ ಒಂದೊಂದಾಗಿ ಬಾಲ ಬೆಳೆಯುತ್ತೆ.

ನಾನು ಮದುವೆ ವಿಡಿಯೋ ಮಾಡ್ತಿದ್ದಾಗ ಸಾಲ ಮಾಡಿ ದೊಡ್ಡ ಕ್ಯಾಮೆರಾ ತಂದೆ. ಮೈಕಿಗೆ ದುಡ್ಡು ಉಳಿಯಲಿಲ್ಲ, ಕ್ಯಾಮೆರಾದಲ್ಲೇ ಇದ್ದ ಮೈಕನ್ನೇ ನಂಬಿದೆ. ಧಾರೆಯ ಹೊತ್ತಿಗೆ ಚೌಟ್ರಿ ಹಿಂದಿನ ಜನರೇಟರ್ ಶುರುವಾಯ್ತು. ಚಿತ್ರ ಕನ್ನಡಿಯ ಹಾಗಿತ್ತು, ಮಂತ್ರ ಮಾತ್ರ ಒಂದಕ್ಷರ ಕೇಳಲಿಲ್ಲ. ಅರ್ಧ ದುಡ್ಡು ಬಿಟ್ಟುಕೊಡಬೇಕಾಯ್ತು.

ನಿಮ್ಮ ಅಡುಗೆಮನೆಯಲ್ಲಿ ಜನರೇಟರ್ ಇಲ್ಲ, ಆದರೆ ಗೋಡೆಗೆಲ್ಲಾ ಟೈಲ್ಸು. ಆರು ಅಡಿ ದೂರದ ಫೋನಿಗೆ ನಿನ್ನ ದನಿಗಿಂತ ಗೋಡೆಗೆ ಬಡಿದು ಬಂದ ದನಿ, ಚಿಮಣಿ ಸದ್ದು ಇವೇ ಜಾಸ್ತಿ ಸಿಗುತ್ತೆ. ಮೈಕ್ ಎಷ್ಟು ದುಬಾರಿ ಅನ್ನುವುದಕ್ಕಿಂತ ಬಾಯಿಗೆ ಎಷ್ಟು ಹತ್ತಿರ ಅನ್ನುವುದೇ ಮುಖ್ಯ. ಕಾಲರಿಗೆ ಸಿಕ್ಕಿಸುವ ವೈರ್ ಮೈಕು ಸಾವಿರದೊಳಗೆ ಬರುತ್ತೆ, ಬೋಯಾ ಬಿವೈ-ಎಂ1 ಥರದ್ದು. ಅದರ ಪುಟ್ಟ ಡಬ್ಬಿಯಲ್ಲಿ ಒಂದು ಸ್ವಿಚ್ ಇದೆ. ಫೋನಿಗೆ ಹಾಕಿದಾಗ ಅದು OFF/Smartphone ಕಡೆ ಇರಬೇಕು, ಇದನ್ನು ಮರೆತು ಮೈಕೇ ಕೆಟ್ಟಿದೆ ಅಂತ ವಾಪಸ್ ಕಳಿಸಿದವರಿದ್ದಾರೆ. ನಿನ್ನ ಫೋನಿಗೆ ದುಂಡು ಜಾಕ್ ಇಲ್ಲದಿದ್ದರೆ ಟೈಪ್-ಸಿ ಕನೆಕ್ಟರ್ ಬೇಕು, ಅದು ಮೈಕನ್ನೂ ಹಿಡಿಯುವಂಥದ್ದಾ ಅಂತ ಅಂಗಡಿಯಲ್ಲೇ ಹಾಕಿ ನೋಡು. ಕೆಲವು ಹಾಡು ಕೇಳಿಸೋಕೆ ಮಾತ್ರ ಆಗುತ್ತವೆ.

ಅಷ್ಟಕ್ಕೂ ಒಗ್ಗರಣೆ ಹಾಕ್ತಾ ಮಾತಾಡಲೇಬೇಕು ಅಂತೇನಿಲ್ಲ. ಕುಕ್ಕರ್, ಮಿಕ್ಸಿ ಎಲ್ಲಾ ಆದ ಮೇಲೆ ರೂಮಿನಲ್ಲಿ ಬೀರು ಬಾಗಿಲು ತೆರೆದು ಅಮ್ಮನ ಸೀರೆಗಳ ಕಡೆ ಮುಖ ಮಾಡಿ ಹೇಳು, ಗೋಡೆಯ ಗುಂಯ್ ಅನ್ನೋ ಸದ್ದನ್ನು ಬಟ್ಟೆ ನುಂಗಿಬಿಡುತ್ತೆ. ಖರ್ಚೂ ಇಲ್ಲ.

ಲೈಟಿಗೆ 5,000 ಇಡು. ಹಗಲಲ್ಲಾದರೆ ಕಿಟಕಿ ಒಂದು ಪಕ್ಕಕ್ಕಿರಲಿ, ಎದುರು ಪಕ್ಕ ಬಿಳಿ ಥರ್ಮಾಕೋಲ್ ನಿಲ್ಲಿಸು, ಪಾತ್ರೆಯ ನೆರಳು ತಿಳಿಯಾಗುತ್ತೆ. ಆದರೆ ಸಿರ್ಸಿ ಮಳೆಗಾಲದಲ್ಲಿ ಕಿಟಕಿ ನಂಬಿದರೆ ಆಯ್ತು ಕಥೆ, ಅದಕ್ಕೇ ಸಾಫ್ಟ್‌ಬಾಕ್ಸ್ ಇರುವ ಒಂದೇ ಒಂದು ಒಳ್ಳೆ ಎಲ್‌ಇಡಿ ತಗೋ. ಡಬ್ಬದ ಮೇಲೆ, ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅಂತ ಹೇಳುವ ಸಿಆರ್‌ಐ 95ಕ್ಕಿಂತ ಜಾಸ್ತಿ ಇದೆಯಾ ನೋಡು. ಕಮ್ಮಿ ಇದ್ದರೆ ಕೆಂಪು ಮೆಣಸಿನಕಾಯಿ ಸಪ್ಪೆಯಾಗಿ ಕಾಣುತ್ತೆ, ಎಡಿಟಿಂಗ್‌ನಲ್ಲಿ ಎಷ್ಟು ಒದ್ದಾಡಿದರೂ ಸರಿಯಾಗಲ್ಲ.

ನೀನು ಕಳಿಸಿದ ತುಣುಕಿನಲ್ಲಿ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರೀತಿದ್ದವಲ್ಲ, ಅದು ಫೋನಿನ ತಪ್ಪಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನುವ ಆ್ಯಪ್ ಪುಕ್ಕಟೆ ಸಿಗುತ್ತೆ, ನಿನ್ನ ಫೋನಿಗೆ ಇಳಿಯುತ್ತಾ ನೋಡು. ಇಲ್ಲವಾದರೆ ಫೋನಿನ ಪ್ರೊ ವಿಡಿಯೋ ಹುಡುಕು. ಅದರಲ್ಲಿ ಸೆಕೆಂಡಿಗೆ ಫ್ರೇಮ್ 25, ಶಟರ್ 1/50 ಸೆಕೆಂಡ್ ಮಾಡು, ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಬಿದ್ದು ಪಟ್ಟಿ ಹೋಗುತ್ತೆ. ಇದನ್ನು ಕ್ಯಾಮೆರಾ ದೋಷ ಅಂದುಕೊಂಡೇ ನೀನು 26,000 ಕೊಡೋಕೆ ಹೊರಟಿದ್ದು, ಅಲ್ವಾ?

ಮೇಲಿಂದ ತೆಗೆಯೋಕೆ ಅಡ್ಡ ತೋಳಿರುವ ಸ್ಟ್ಯಾಂಡಿಗೆ 3,000. ತೋಳಿನ ಇನ್ನೊಂದು ತುದಿಗೆ ಎರಡು ಕೆಜಿ ಅಕ್ಕಿ ಚೀಲ ಕಟ್ಟು, ಇಲ್ಲದಿದ್ದರೆ ಫೋನು ಸಾಂಬಾರಿಗೇ ಬೀಳುತ್ತೆ.

ಎಡಿಟಿಂಗ್‌ಗೆ ದುಡ್ಡು ಬೇಡ. ತಿಂಗಳಿಗೆ ಇಷ್ಟೇ ಅನ್ನುವ ಸಾಫ್ಟ್‌ವೇರನ್ನು 12ರಿಂದ ಗುಣಿಸಿ ನೋಡು, ಗೊತ್ತಾಗುತ್ತೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ನಿನಗೆ ಬೇಕಾದ್ದೆಲ್ಲಾ ಇದೆ, ವಾಟರ್‌ಮಾರ್ಕೂ ಬೀಳಲ್ಲ. ತೊಂದರೆ ಒಂದೇ, ನಿನ್ನ 8 ಜಿಬಿ ಲ್ಯಾಪ್‌ಟಾಪ್ ಏದುಸಿರು ಬಿಡುತ್ತೆ. 1080pಯಲ್ಲೇ ತೆಗಿ, ಪ್ರಾಕ್ಸಿ ಮಾಡಿಕೋ, ಅಂದರೆ ಕತ್ತರಿಸುವಾಗ ಮಾತ್ರ ಹಗುರವಾದ ನಕಲು. ಅದಕ್ಕೂ ಬಗ್ಗದಿದ್ದರೆ ಫೋನಲ್ಲೇ ವಿಎನ್ ಅನ್ನುವ ಎಡಿಟಿಂಗ್ ಆ್ಯಪ್ ಹಾಕಿಕೊಂಡು ಮುಗಿಸು. ಕ್ರ್ಯಾಕ್ ಮಾಡಿದ್ದು ಮಾತ್ರ ಲ್ಯಾಪ್‌ಟಾಪ್ ಹತ್ತಿರ ಸುಳಿಯೋದು ಬೇಡ.

ಮೈಕು 1,000, ಲೈಟು 5,000, ಸ್ಟ್ಯಾಂಡು 3,000, ವಿಡಿಯೋ ಇಡೋಕೆ ಹಾರ್ಡ್ ಡಿಸ್ಕಿಗೆ 6,000. ಒಟ್ಟು 15,000. ಉಳಿದರ್ಧ ಬ್ಯಾಂಕಲ್ಲೇ ಇರಲಿ, ಹತ್ತು ವಿಡಿಯೋ ಆಗುವವರೆಗೆ ಮುಟ್ಟಬೇಡ. ಅಷ್ಟರಲ್ಲಿ ಯಾವುದು ನಿನ್ನ ಕೈ ಕಟ್ಟುತ್ತಿದೆ ಅಂತ ನಿನಗೇ ತಿಳಿದಿರುತ್ತೆ.

ಮೊದಲು ಮೈಕ್ ತಂದು ಅರ್ಧ ನಿಮಿಷ ಮಾತಾಡಿ ಕಳಿಸು. ಚಿಮಣಿ ಆನ್ ಇಟ್ಟು ಒಂದು, ಆಫ್ ಮಾಡಿ ಒಂದು. ಹೆಡ್‌ಫೋನ್ ಹಾಕಿಕೊಂಡು ಕೇಳಿ ಹೇಳ್ತೀನಿ.

ನಿನ್ನ ಮಾವ