ಒಂದು ಅಕ್ಷರ ಸೇರಿಸಿ 1,650 ಪದ ಕಳೆಯುವುದು

ಕಾರವಾರ

ಪ್ರೀತಿಯ ಸುಮಾ,

ಶಿರಸಿ ಬಸ್ಸಿನಲ್ಲಿ ಕೊಟ್ಟು ಕಳಿಸಿದ ಲಕೋಟೆ ಸಿಕ್ಕಿತು. ಮೇಲೆ ಸ್ವಲ್ಪ ಮಳೆ ನೀರು ಬಿದ್ದಿತ್ತು, ಒಳಗಿನ ಹಾಳೆಗಳಿಗೆ ಏನೂ ಆಗಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಕಾಡು, ನಮ್ಮ ಸೊಪ್ಪಿನ ಬೆಟ್ಟದ ಬಗ್ಗೆ ನೀನು ಬರೆದ ಪ್ರಬಂಧವನ್ನು ಎರಡು ಸಲ ಓದಿದೆ. 4,650 ಪದ ಇದೆ, ಇರಬೇಕಾದದ್ದು 3,000. "ಅಕ್ಕಾ, ಅಲ್ಲಲ್ಲಿ ಒಂದೊಂದು ಪದ ತೆಗೆದು ನೋಡಿದೆ, 200 ಕೂಡ ಕಡಿಮೆ ಆಗಲಿಲ್ಲ" ಅಂತ ಬರೆದಿದ್ದೀಯಲ್ಲ, ಆಗುವುದೂ ಇಲ್ಲ. ಶುರು ಮಾಡಿದ ಜಾಗವೇ ತಪ್ಪು. ಪದ ಕಡೆಗೆ, ಪ್ಯಾರಾ ಮೊದಲು.

ಹಾಳೆಯ ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಕೂತು, ಒಂದೊಂದು ಪ್ಯಾರಾಕ್ಕೂ ಒಂದು ಸಾಲು ಬರೆದೆ. ಅದರಲ್ಲಿ ಏನಿದೆ ಅಂತಲ್ಲ, ಅದು ಏನು ಕೆಲಸ ಮಾಡುತ್ತಿದೆ ಅಂತ. ಅದಕ್ಕೂ ಮೊದಲು ನಿನ್ನ ವಾದ ಏನು ಅಂತ ಹುಡುಕಬೇಕಾಯಿತು. ಅದು ಸಿಕ್ಕಿದ್ದು ಒಂಬತ್ತನೇ ಪುಟದಲ್ಲಿ! ಬೆಟ್ಟದ ಹಕ್ಕನ್ನು ತೋಟದ ಅಳತೆಗೆ ಕಟ್ಟಿದ್ದರಿಂದ, ಅದೇ ಬೆಟ್ಟದಲ್ಲಿ ಉದುರಿದ ಒಣ ಎಲೆಯ ದರಕು ಗುಡಿಸುವ ತೋಟವಿಲ್ಲದವರು ಲೆಕ್ಕದಿಂದಲೇ ಹೊರಗೆ ಉಳಿದರು. ಇಷ್ಟೇ, ಅಲ್ವಾ? ಇದನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗೆ ಇಟ್ಟುಕೊ. ಆಮೇಲೆ ಪ್ರತಿ ಪ್ಯಾರಾವನ್ನೂ ಅದರ ಮುಂದೆ ನಿಲ್ಲಿಸಿ, ಇದನ್ನು ತೆಗೆದರೆ ಚೀಟಿಯ ಮಾತು ಅಲುಗಾಡುತ್ತದಾ ಅಂತ ಕೇಳು. ಅಲುಗಾಡದಿದ್ದರೆ ಅದು ಹೋಗಬಹುದು.

ಈಗ ನಿನ್ನ ಪದಗಳು ಎಲ್ಲಿ ಖರ್ಚಾಗಿವೆ ನೋಡು. ಪೀಠಿಕೆಗೆ 600, ಸಿದ್ಧಾಂತಕ್ಕೆ 1,150, ಇತಿಹಾಸಕ್ಕೆ 900, ಊರೂರು ತಿರುಗಿ ಕೇಳಿ ತಿಳಿದದ್ದಕ್ಕೆ 1,500, ಕೊನೆಯ ಚರ್ಚೆಗೆ ಬರೀ 500. ನಾನಾದರೆ 250, 400, 450, 1,300, 600 ಅಂತ ಹಂಚುತ್ತೇನೆ. ಚರ್ಚೆಗೆ 100 ಪದ ಜಾಸ್ತಿ ಕೊಟ್ಟಿದ್ದು ಕೈತಪ್ಪಿ ಅಲ್ಲ. ನೀನು ಸುಸ್ತಾಗಿ ಅಲ್ಲಿ ಓಡಿದ್ದೀಯ, ವಾದ ಇರುವುದೇ ಅಲ್ಲಿ.

ಸಿದ್ಧಾಂತದ ಭಾಗದಲ್ಲಿ ಪರಿಸರ ವಿಜ್ಞಾನಿ ಹಾರ್ಡಿನ್ 1968ರಲ್ಲಿ ಹೇಳಿದ್ದು ಇದೆ: ಎಲ್ಲರಿಗೂ ಸೇರಿದ ಹುಲ್ಲುಗಾವಲಿಗೆ ಎಲ್ಲರೂ ಇನ್ನೊಂದು ದನ ಬಿಡುತ್ತಾರೆ, ಕೊನೆಗೆ ಹುಲ್ಲೇ ಇರುವುದಿಲ್ಲ. ಹಾಗೇನೂ ಆಗಬೇಕಾಗಿಲ್ಲ, ಬಳಸುವವರೇ ನಿಯಮ ಮಾಡಿಕೊಂಡು ಉಳಿಸಿದ್ದಾರೆ ಅಂತ ರಾಜಕೀಯ ಶಾಸ್ತ್ರಜ್ಞೆ ಆಸ್ಟ್ರಮ್ 1990ರಲ್ಲಿ ತೋರಿಸಿದ್ದೂ ಇದೆ. ಅಲ್ಲಿಗೆ ನಿಲ್ಲಿಸದೆ ಅವರ ಎಂಟೂ ಸೂತ್ರಗಳನ್ನು ಸಾಲಾಗಿ ವಿವರಿಸಿದ್ದೀಯ. ಪರೀಕ್ಷೆಯ ಉತ್ತರವಾದರೆ ಸರಿ. ನಿನ್ನ ಚೀಟಿಗೆ ಬೇಕಾದದ್ದು ಮೊದಲನೆಯದು ಮಾತ್ರ: ಬಳಸುವ ಹಕ್ಕು ಯಾರಿಗಿದೆ, ಯಾರಿಗಿಲ್ಲ ಅನ್ನುವ ಗಡಿ ಸ್ಪಷ್ಟವಾಗಿರಬೇಕು. ನಿನ್ನ ಬೆಟ್ಟದಲ್ಲಿ ಗಡಿ ಸ್ಪಷ್ಟವಾಗಿಯೇ ಇದೆ, ಆದರೆ ಅದನ್ನು ಎಳೆದದ್ದು ತೋಟದ ಎಕರೆ ಹಿಡಿದು. ಗಡಿ ಸ್ಪಷ್ಟವಿದ್ದೂ ಅನ್ಯಾಯ ಆಗಬಹುದು ಅಂತ ನೀನು ಹೇಳುತ್ತಿದ್ದೀಯ. ಎಷ್ಟು ಒಳ್ಳೆಯ ಮಾತು! ಉಳಿದ ಏಳು ಸೂತ್ರಗಳ ಅಡಿಯಲ್ಲಿ ಅದು ಕಾಣುತ್ತಲೇ ಇಲ್ಲ.

ಇತಿಹಾಸವನ್ನು ಸೋದೆ ಅರಸರಿಂದ ಶುರು ಮಾಡಿದ್ದೀಯ. ಅವರನ್ನು ಬಿಡು. ನಮ್ಮ ಜಿಲ್ಲೆ 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿತು, ಬ್ರಿಟಿಷರ ಕಾಲದಲ್ಲಿ ಬೆಟ್ಟವನ್ನು ತೋಟಕ್ಕೆ ಗಂಟು ಹಾಕಿದರು, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅನ್ನುವ ಲೆಕ್ಕ ನಿಂತಿತು. ಈ ಒಂಬತ್ತು ಎಕರೆಯೇ ನಿನ್ನ ಗಡಿ, ಹಾಗಾಗಿ ಇದು ಇರಲೇಬೇಕು.

ಇನ್ನು ಅಪ್ಪಿಕೋ ಚಳವಳಿ. 1983ರ ಸಾಲ್ಕಣಿಯ ಬಗ್ಗೆ 300 ಪದ ಬರೆದಿದ್ದೀಯ, ಇಡೀ ಪ್ರಬಂಧದಲ್ಲಿ ಅಷ್ಟು ಚೆಂದದ ಬರವಣಿಗೆ ಬೇರೆ ಎಲ್ಲೂ ಇಲ್ಲ. ತೆಗೆದುಬಿಡು. ಅಲ್ಲಿ ಜನ ಮರ ತಬ್ಬಿ ನಿಂತದ್ದು ಅರಣ್ಯ ಇಲಾಖೆ ಕಡಿಸುತ್ತಿದ್ದ ಕಾಡಿಗಾಗಿ. ಊರು ಒಂದು ಕಡೆ, ಇಲಾಖೆ ಇನ್ನೊಂದು ಕಡೆ. ನೀನು ಕೇಳುತ್ತಿರುವುದು ಊರಿನ ಒಳಗೇ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅಂತ. ಎರಡನ್ನೂ ಒಂದೇ ಕಡೆ ಇಟ್ಟರೆ ಓದುವವರು ಊರನ್ನು ಒಂದೇ ಗುಂಪು ಅಂದುಕೊಳ್ಳುತ್ತಾರೆ, ನಿನ್ನ ಪ್ರಶ್ನೆಯ ಕಾಲನ್ನೇ ಎಳೆದ ಹಾಗೆ. ಬೇರೆ ಫೈಲಿನಲ್ಲಿ ಇಟ್ಟುಕೊ, ಇನ್ನೊಂದು ಲೇಖನಕ್ಕೆ ಆಯಿತು.

ಇಷ್ಟಾದ ಮೇಲೆ ವಾಕ್ಯಕ್ಕೆ ಬಾ. ನಿನ್ನದೇ ಒಂದು ವಾಕ್ಯ:

"ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರರು ತಮ್ಮ ತೋಟಗಳಿಗೆ ಅಗತ್ಯವಾಗಿ ಬೇಕಾಗಿರುವಂತಹ ಸೊಪ್ಪು ಮತ್ತು ದರಕನ್ನು ಬೆಟ್ಟ ಪ್ರದೇಶಗಳಿಂದ ಸಂಗ್ರಹಿಸುವ ಪದ್ಧತಿಯನ್ನು ಬಹಳ ಹಿಂದಿನ ಕಾಲದಿಂದಲೂ ನಡೆಸಿಕೊಂಡು ಬಂದಿರುವುದನ್ನು ನಾವು ಇಲ್ಲಿ ಪ್ರಮುಖವಾಗಿ ಗಮನಿಸಬಹುದಾಗಿದೆ."

24 ಪದ. ಹೀಗೆ ಮಾಡಿದೆ: "ಶಿರಸಿಯ ಅಡಿಕೆ ತೋಟದವರು ತಲೆತಲಾಂತರದಿಂದ ಬೆಟ್ಟದ ಸೊಪ್ಪು, ದರಕು ತರುತ್ತಾರೆ." ಎಂಟು ಪದ. 16 ಉಳಿಯಿತು. ಆದರೆ ಈ ದಾರಿಯಲ್ಲೇ 1,650 ಕಳೆಯಬೇಕಾದರೆ ಇಂಥ ನೂರಕ್ಕೂ ಜಾಸ್ತಿ ವಾಕ್ಯ ಬೇಕು. ಅದಕ್ಕೇ ಇದು ಕಡೆಯ ಕೆಲಸ ಅಂದದ್ದು.

ವಾಕ್ಯ ಚಿಕ್ಕದಾದ ಮೇಲೆ ಒಂದು ಮುಳ್ಳು ಕಂಡಿತು. ತೋಟದವರು ತರುತ್ತಾರಾ? ನೀನು ಮಾತಾಡಿಸಿದ ಆ ವಯಸ್ಸಾದ ಅಮ್ಮ ನಲವತ್ತು ವರ್ಷ ದರಕು ಗುಡಿಸಿದ್ದಾರಲ್ಲ, ಅವರಿಗೆ ತೋಟವೇ ಇಲ್ಲ. ಹಾಗಾದರೆ ಅದು "ತರಿಸುತ್ತಾರೆ" ಆಗಬೇಕು. ಸೇರಿದ್ದು ಒಂದೇ ಅಕ್ಷರ, ನಿನ್ನ ವಾದ ಪೂರ್ತಿ ಅದರಲ್ಲಿ ಬಂತು. "ಸಂಗ್ರಹಿಸುವ ಪದ್ಧತಿಯನ್ನು ನಡೆಸಿಕೊಂಡು ಬಂದಿರುವುದು" ಅನ್ನುವಾಗ ಬುಟ್ಟಿ ಹೊತ್ತವರು ಯಾರು ಅಂತ ನಿನಗೇ ಕಂಡಿರಲಿಲ್ಲ.

ಅಂದಹಾಗೆ, "ಬೆಟ್ಟವೆಂಬುದನ್ನುಳಿಸಿಕೊಳ್ಳಲಿಕ್ಕಾಗಿ" ಅಂತೆಲ್ಲ ಪದಕ್ಕೆ ಪದ ಅಂಟಿಸಿ ಎಣಿಕೆ ಕಡಿಮೆ ಮಾಡಬೇಡ. ಕನ್ನಡದಲ್ಲಿ ಈ ಕಳ್ಳದಾರಿ ಸುಲಭ. ಕಂಪ್ಯೂಟರ್ ನಂಬುತ್ತದೆ, ಓದುವವರಿಗೆ ಉಸಿರು ಕಟ್ಟುತ್ತದೆ.

ಕತ್ತರಿ ಹಾಕಲೇಬಾರದ ಜಾಗ ಎರಡಿವೆ. ಒಂದನ್ನು ನಾನೇ ಕತ್ತರಿಸಿ ಪೆಟ್ಟು ತಿಂದಿದ್ದೇನೆ. ಕಾಳಿ ನದಿಯ ಅಣೆಕಟ್ಟಿಗಾಗಿ ಎತ್ತಂಗಡಿಯಾದವರ ಬಗ್ಗೆ ಬರೆಯುವಾಗ "ನಾನು ಹೋಗಿಬಂದ 14 ಮನೆಗಳಲ್ಲಿ" ಅನ್ನುವುದನ್ನು ಜಾಗ ಉಳಿಸಲು ತೆಗೆದೆ. ಉಳಿದದ್ದು ನಾಲ್ಕು ಪದ. ಆದರೆ 14 ಮನೆಯ ಮಾತು ಎಲ್ಲ ನಿರಾಶ್ರಿತರ ಮಾತಾಯಿತು. ಅಚ್ಚಾದ ಮೇಲೆ ಅಲ್ಲಿಯವರೇ ಒಬ್ಬರು ಪತ್ರ ಬರೆದು, ನಮ್ಮ ಮನೆಗೆ ಯಾವಾಗ ಬಂದಿದ್ದಿರಿ ಅಂತ ಕೇಳಿದರು. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ನಿನ್ನ "ಈ ಮೂರು ಊರುಗಳಲ್ಲಿ" ಅನ್ನುವುದು ಹಾಗೇ ಇರಲಿ. "ಬಹುಶಃ" ಕೂಡ, ನಿಜವಾಗಿ ಅನುಮಾನ ಇರುವ ಕಡೆ.

ಇನ್ನೊಂದು, ತೋಟದವರ ಮಾತು. ಬೆಟ್ಟದ ಸೊಪ್ಪಿಲ್ಲದೆ ತೋಟಕ್ಕೆ ಗೊಬ್ಬರವಿಲ್ಲ, ಹಕ್ಕು ಇದ್ದದ್ದಕ್ಕೇ ನಾವು ಬೆಟ್ಟ ಕಾದೆವು ಅಂತ ಅವರು ಹೇಳಿದ್ದನ್ನು ಆ 1,500ರಲ್ಲಿ ಬರೆದಿದ್ದೀಯ. ನೀನು ಪೆನ್ಸಿಲ್‌ನಲ್ಲಿ ಅದರ ಮೇಲೆ ಅಡ್ಡಗೆರೆ ಎಳೆದಿರುವುದು ಕಂಡಿತು. ಆ ಗೆರೆ ಅಳಿಸು. ಅದಕ್ಕೆ ಉತ್ತರ ಕೊಡದಿದ್ದರೆ ನಿನ್ನದು ದೂರು ಆಗುತ್ತದೆ, ವಾದ ಆಗುವುದಿಲ್ಲ. ಅಲ್ಲಿ ಇಳಿಸಬೇಕಾದ 200 ಪದ ಬೇರೆ ಕಡೆ ಇದೆ: ಒಂದೇ ಮಾತನ್ನು ನಾಲ್ಕು ಜನರ ಬಾಯಲ್ಲಿ ಹೇಳಿಸಿದ್ದೀಯ, ಇಬ್ಬರು ಸಾಕು.

ಮುಗಿದ ಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯ ಮಾತ್ರ ನಿನ್ನ ಅಮ್ಮನಿಗೆ ಓದಿ ಹೇಳು. ಎಲ್ಲಿ ಅವರು "ಅದ್ಹೇಗೆ?" ಅಂತ ಕೇಳುತ್ತಾರೋ ಅಲ್ಲಿ ಒಂದು "ಆದರೆ"ಯೋ "ಹಾಗಾಗಿ"ಯೋ ನಿನ್ನ ಕತ್ತರಿಗೆ ಸಿಕ್ಕಿರುತ್ತದೆ. ಅದನ್ನು ವಾಪಸ್ ಹಾಕು.

ಶನಿವಾರದ ಬಸ್ಸಿಗೆ ಕೊಟ್ಟು ಕಳಿಸು. ಹಳೆ ಪ್ರತಿಯನ್ನೂ ಜೊತೆಗೆ ಇಡು, ಏನು ಹೋಯಿತು ಅಂತ ನೋಡಬೇಕು. ಈ ಸಲ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕು ಮಾರಾಯ್ತಿ.

ನಿನ್ನ,
ಗೀತಕ್ಕ