ಅಮ್ಮನ ರಕ್ತದ ರಿಪೋರ್ಟು, ನನ್ನ ಹಳೇ ಸಿಟ್ಟು

ಲೋ ಗೆಳೆಯ,

ಫೋನಿನಲ್ಲಿ ನೀನು ಅಮ್ಮನ ಬಗ್ಗೆ ಕೇಳಿದಾಗ "ಪರವಾಗಿಲ್ಲ ಕಣೋ" ಅಂತ ಮಾತು ತಿರುಗಿಸಿಬಿಟ್ಟೆ. ಬರೆಯುವುದೇ ಸುಲಭ. ಎಲ್ಲರೂ ಓದುವ ಕಡೆ ಹಾಕುತ್ತೇನೆ ಅಂತ ಅಮ್ಮನಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕು, ನಾಲ್ಕು ಜನಕ್ಕೆ ಗೊತ್ತಾಗ್ಲಿ" ಅಂದಳು.

ಅವಳ ಹಿಮೋಗ್ಲೋಬಿನ್ 6.8 ಬಂತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗಿಳಿದರೆ ತೀವ್ರ. ಹಾಗಿದ್ದೂ ಇಷ್ಟು ದಿನ ಮನೆಯೆಲ್ಲ ಹೇಗೆ ಓಡಾಡಿಕೊಂಡಿದ್ದಳು ಅಂತ ಕೇಳಿದೆ. ರಕ್ತ ಒಮ್ಮೆಲೇ ಹೋದರೆ ಮನುಷ್ಯ ಕುಸಿದುಬೀಳುತ್ತಾನೆ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಹೋದರೆ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ, ಹೃದಯ ಹೆಚ್ಚು ದುಡಿದು ಸರಿದೂಗಿಸುತ್ತದೆ ಅಂದರು ಡಾಕ್ಟರು. ಮೆಟ್ಟಿಲು ಹತ್ತುವಾಗ ಏದುಸಿರು, ಎದೆ ಡವಡವ. ಅದನ್ನು ನಾವೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆದಿದ್ದೆವು.

ಕಾರಣ ಗರ್ಭಕೋಶದಲ್ಲಿ ಬೆಳೆದಿದ್ದ ಫೈಬ್ರಾಯ್ಡ್ ಗಡ್ಡೆ. ಕ್ಯಾನ್ಸರ್ ಅಲ್ಲ. ಪ್ರತಿ ತಿಂಗಳೂ ಮುಟ್ಟು ಏಳು ದಿನ ದಾಟುತ್ತಿತ್ತಂತೆ, ಜಾಸ್ತಿ ಇರುವ ದಿನ ಗಂಟೆಗೊಂದು ಪ್ಯಾಡ್ ನೆನೆಯುತ್ತಿತ್ತಂತೆ, ಹೆಪ್ಪುಗಟ್ಟಿದ ರಕ್ತ ಗಡ್ಡೆಗಡ್ಡೆಯಾಗಿ ಹೋಗುತ್ತಿತ್ತಂತೆ. ಅಪ್ಪನ ಕೆಲಸ ಹೋಗಿದ್ದ ಕಾಲ ಅದು, ನನ್ನ ಕಾಲೇಜಿನ ಫೀಸು ಬೇರೆ. ಆಸ್ಪತ್ರೆಯ ಖರ್ಚು ಬೇಡ ಅಂತ ಬಾಯಿ ಬಿಡಲಿಲ್ಲ.

ಅಮ್ಮ ಫ್ರೀಜರಿಂದ ಐಸ್ ತುಂಡು ತೆಗೆದು ಕಟಕಟ ಕಡಿಯುತ್ತಿದ್ದದ್ದು ನಿನಗೂ ನೆನಪಿರಬೇಕು. ಟ್ರೇ ಖಾಲಿಯಾದರೆ ಚಡಪಡಿಸುತ್ತಿದ್ದಳು. ಕಬ್ಬಿಣದಂಶ ತೀರಾ ಕಡಿಮೆಯಾದವರಲ್ಲಿ ಕೆಲವರಿಗೆ ಹಾಗೆ ಐಸು, ಸೀಮೆಸುಣ್ಣ, ಮಣ್ಣು ತಿನ್ನುವ ಬಯಕೆ ಹುಟ್ಟುತ್ತದೆ. ಡ್ರಿಪ್‌ನಲ್ಲಿ ಕಬ್ಬಿಣ ಕೊಟ್ಟ ಮೇಲೆ ಅಮ್ಮನಿಗೆ ಐಸಿನ ನೆನಪೇ ಇಲ್ಲ. ಅಷ್ಟು ವರ್ಷ ಅವಳ ಮೈ ನಮ್ಮೆದುರಿಗೇ ಸದ್ದು ಮಾಡಿ ಹೇಳುತ್ತಿತ್ತು.

ನೋಡಲು ಬಂದವರೆಲ್ಲ "ತಾಯಿ ಅಂದ್ರೆ ದೇವರು" ಅನ್ನುತ್ತಾರೆ. ನನಗೆ ಹೂಂಗುಟ್ಟಲು ಆಗುತ್ತಿಲ್ಲ ಕಣೋ. ನೀರು ಚೆಲ್ಲಿದ್ದಕ್ಕೆ ತಂಗಿಯ ಅಂಗೈ ಮೇಲೆ ಸ್ಕೇಲು ಮುರಿದವಳೂ ಇದೇ ಅಮ್ಮ. ರಕ್ತಹೀನತೆ ಇದ್ದವರಿಗೆ ಸುಸ್ತು, ಕಿರಿಕಿರಿ ಜಾಸ್ತಿ ಅನ್ನುತ್ತಾರೆ, ಇರಬಹುದು. ಆದರೆ ಬಂದವರ ಮುಂದೆ ಅವಳ ದನಿ ಯಾವತ್ತೂ ಏರಲಿಲ್ಲ, ನನ್ನ ಮೇಲಂತೂ ಕೈಯೇ ಎತ್ತಲಿಲ್ಲ. ಮಗ ಯಾರು ಮಗಳು ಯಾರು ಅಂತ ನೋಡಿ ಸಿಟ್ಟು ಹಂಚುವ ರಕ್ತಹೀನತೆ ಇರುವುದಿಲ್ಲವಲ್ಲ.

ಅಮ್ಮನಿಗೆ ಡ್ರಿಪ್ ಹಾಕಿದ್ದ ದಿನ, ಹೊರಗೆ ಬೆಂಚಿನ ಮೇಲೆ ಕೂತು ತಂಗಿ ಇನ್ನೊಂದು ಮಾತು ಹೇಳಿದಳು. ಹದಿನಾಲ್ಕನೇ ವಯಸ್ಸಿನಲ್ಲಿ ಅವಳಿಗೂ ಜಾಸ್ತಿ ಹೋಗುತ್ತಿತ್ತು. ಅಮ್ಮನ ಹತ್ತಿರ ಅತ್ತಿದ್ದಾಳೆ. "ಹೆಣ್ಣಾದ್ಮೇಲೆ ಇದೆಲ್ಲ ಇದ್ದದ್ದೇ, ತಡ್ಕೋ" ಅಂದಳಂತೆ ಅಮ್ಮ. ತಂಗಿ ತಡೆದುಕೊಂಡಳು. ಮರುದಿನ ಅವಳ ರಕ್ತವನ್ನೂ ಪರೀಕ್ಷೆಗೆ ಕೊಟ್ಟೆವು: 9.1.

ಆ ಹೊತ್ತಿನಿಂದ ನನಗೆ ನೆಮ್ಮದಿಯಿಲ್ಲ. ಅಮ್ಮ ತನ್ನ ನೋವನ್ನು ನುಂಗಿದ್ದು ನಮಗಾಗಿ, ಅದು ನಿಜ. ನುಂಗುವುದನ್ನೇ ಮಗಳಿಗೂ ಕಲಿಸಿದಳು, ಅದೂ ಅಷ್ಟೇ ನಿಜ. ಆ ಮೌನದಿಂದ ನನ್ನ ಓದು ನಡೆಯಿತು, ತಂಗಿಯ ಮೈ ಸೊರಗಿತು. ಒಳಗೆ ಹೋಗಿ ಅಮ್ಮನ ಕೈ ಹಿಡಿದುಕೊಂಡೆ. ಆ ಕಂದು ಬಣ್ಣದ ಔಷಧಿ ತೊಟ್ಟಿಕ್ಕುವುದನ್ನು ನೋಡುತ್ತಾ, "ಇಷ್ಟೆಲ್ಲ ಮಾಡು ಅಂತ ನಿನ್ನನ್ನ ಕೇಳಿದ್ದು ಯಾರು?" ಅಂತ ಕೂಗಬೇಕು ಅನ್ನಿಸಿತು. ಪ್ರೀತಿಯೂ ಕೋಪವೂ ಒಂದೇ ಗಂಟಲಿನಲ್ಲಿ ಸಿಕ್ಕಿಕೊಂಡಿದ್ದವು. ಈಗಲೂ ಹಾಗೇ ಇವೆ. ಯಾವುದನ್ನೂ ಬಿಡಲು ಮನಸ್ಸಿಲ್ಲ.

ಈಗಲೂ ಅವಳು ಸುಲಭದ ರೋಗಿಯಲ್ಲ. ಕಬ್ಬಿಣದ ಮಾತ್ರೆಯಿಂದ ಮಲಬದ್ಧತೆ ಆಯಿತು, ಮಲ ಕಪ್ಪಾಗಿದ್ದು ನೋಡಿ ಹೆದರಿದಳು. ಕಪ್ಪಾಗುವುದು ಆ ಮಾತ್ರೆಗೆ ಸಹಜವೇ. ಆದರೂ ನಮಗೆ ಹೇಳದೆ ನಿಲ್ಲಿಸಿ, ಕೇಳಿದರೆ "ತಗೊಂಡೆ" ಅನ್ನುತ್ತಿದ್ದಳು. ಸ್ಟ್ರಿಪ್ ನೋಡಿ ತಂಗಿ ಹಿಡಿದಳು. ಈಗ ಡಾಕ್ಟರು ದಿನ ಬಿಟ್ಟು ದಿನಕ್ಕೆ ಬದಲಾಯಿಸಿದ್ದಾರೆ, ಕಾಫಿ-ಟೀ ಜೊತೆ ಬೇಡ ಅಂದಿದ್ದಾರೆ, ಅದು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು, ಒಳಗಿನ ದಾಸ್ತಾನು ತುಂಬಬೇಕಲ್ಲ. ಹೇಳಿದ್ದನ್ನೇ ಹೇಳಿ ತಂಗಿ ಅಮ್ಮನನ್ನು ಗದರುತ್ತಾಳೆ. ಅಮ್ಮ ತಿರುಗಿ ಗದರುತ್ತಾಳೆ. ಈ ಜಗಳ ನನಗೆ ಇಷ್ಟವಾಗುತ್ತಿದೆ, ಯಾರೂ ಏನನ್ನೂ ನುಂಗುತ್ತಿಲ್ಲ.

ಇಷ್ಟೆಲ್ಲ ಬರೆಯುತ್ತೇನೆ ಅಂದುಕೊಂಡಿರಲಿಲ್ಲ, ಸಾಕು. ಬೇಗ ಬಾ.

ನಿನ್ನವನು