ಕಳೆದುಹೋದ ಕಾರ್ಡನ್ನು ನೋಡಿ ನಂಬರ್ ಓದಿ ಎಂದವರಿಗೆ

ಇವರಿಗೆ,
ಶಾಖಾ ವ್ಯವಸ್ಥಾಪಕರು

ವಿಷಯ: ಕಳೆದ ಡೆಬಿಟ್ ಕಾರ್ಡನ್ನು ಬ್ಲಾಕ್ ಮಾಡದೆ ಬಿಟ್ಟದ್ದು, ಹಾಕಿದ್ದ ಲಾಕನ್ನೂ ನೀವೇ ತೆಗೆದದ್ದು, ಹೊಸ ಕಾರ್ಡಿನ ಪಿನ್ ಅನ್ನು ಎಲ್ಲರೆದುರು ಹೇಳಲು ಒತ್ತಾಯಿಸಿದ್ದು.

ಮಾನ್ಯರೇ,

ಇದು ನನ್ನ ಐದನೇ ಪ್ರಯತ್ನ. ಮೊದಲ ನಾಲ್ಕು ಸಲ ಫೋನಿನಲ್ಲಿ, ಮರ್ಯಾದೆಯಿಂದಲೇ ಮಾತಾಡಿದೆ. ನಾಲ್ಕೂ ಸಲ "ನಿಮ್ಮ ಕರೆ ನಮಗೆ ಅಮೂಲ್ಯ" ಎಂದು ಕೇಳಿಸಿಕೊಂಡೆ. ಅಷ್ಟು ಅಮೂಲ್ಯವಾದ್ದನ್ನು ಖರ್ಚು ಮಾಡುವುದು ಬೇಡ ಅನಿಸಿ ಈಗ ಬರೆಯುತ್ತಿದ್ದೇನೆ. ಸಮಾಧಾನದಿಂದ ಬರೆಯಬೇಕು ಎಂದುಕೊಂಡೇ ಕೂತಿದ್ದೇನೆ. ಎಲ್ಲಾದರೂ ತಪ್ಪಿದರೆ ಕ್ಷಮೆ ಇರಲಿ.

ಮಂಗಳವಾರ ಸಂಜೆ 6:40ಕ್ಕೆ ಪರ್ಸಿನಲ್ಲಿ ಕಾರ್ಡ್ ಇಲ್ಲ ಎಂದು ಗೊತ್ತಾಯಿತು. ಅರ್ಧ ಗಂಟೆ ಮುಂಚೆ ಬಳಸಿದ್ದೆ. ಹುಡುಕುತ್ತಾ ಕೂರಲಿಲ್ಲ. 6:43ಕ್ಕೆ ನಿಮ್ಮ ಆ್ಯಪ್ ತೆರೆದು ಕಾರ್ಡಿಗೆ ಲಾಕ್ ಹಾಕಿದೆ. ಲಾಕ್ ಆಗಿದೆ ಎಂದು ಮೆಸೇಜ್ ಬಂತು. ಅದು ತಾತ್ಕಾಲಿಕ ಲಾಕ್ ಎಂದು ನನಗೆ ಗೊತ್ತು. ಕಾರ್ಡ್ ಸೋಫಾ ಸಂದಿಯಲ್ಲಿ ಸಿಕ್ಕಿಬಿಟ್ಟರೆ ಅದೇ ಬಟನ್ ಒತ್ತಿ ಮತ್ತೆ ತೆರೆಯಬಹುದು. ಬ್ಲಾಕ್ ಹಾಗಲ್ಲ. ಒಮ್ಮೆ ಬ್ಲಾಕ್ ಆಗಿ ಹಾಟ್‌ಲಿಸ್ಟ್ ಸೇರಿದ ಕಾರ್ಡ್ ಮತ್ತೆ ಬದುಕುವುದಿಲ್ಲ, ಹೊಸ ನಂಬರಿನ ಹೊಸ ಕಾರ್ಡೇ ಬರಬೇಕು. ನನಗೆ ಬೇಕಾಗಿದ್ದು ಅದು. ಲಾಕ್ ಹಾಕಿದ್ದು ನಿಮ್ಮ ಲೈನ್ ಸಿಗುವವರೆಗೆ ಕಳ್ಳನನ್ನು ತಡೆಯಲು ಅಷ್ಟೇ.

ನಿಮ್ಮ ಸಹಾಯವಾಣಿಯ ನಂಬರ್ ಕಾರ್ಡಿನ ಹಿಂದೆಯೇ ಅಚ್ಚಾಗಿದೆ. ಅದು ಅಗತ್ಯ ಬೀಳುವುದು ಕಾರ್ಡ್ ಕೈಲಿ ಇಲ್ಲದಾಗ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಬ್ಯಾಂಕಿನ ಹೆಸರು ಹೇಳಿಕೊಂಡು ಕೂತ ಮೋಸಗಾರರ ನಂಬರುಗಳೂ ಸಿಗುತ್ತವೆ. ಅದಕ್ಕೇ ಆ್ಯಪ್‌ನ ಒಳಗಿದ್ದ ನಂಬರಿಗೇ ಮಾಡಿದೆ. ಕಾರ್ಡ್ ಕಳೆದಿದ್ದರೆ 2 ಒತ್ತಿ ಎಂದಿತು ಯಂತ್ರ. ಒತ್ತಿದೆ. "ಕಾರ್ಡಿನ ಮೇಲಿರುವ 16 ಅಂಕಿಗಳನ್ನು ಒತ್ತಿ" ಎಂದಿತು. ಏನೂ ಒತ್ತದೆ ಕಾದು, 7:04ಕ್ಕೆ ಮನುಷ್ಯರ ಧ್ವನಿ ಕೇಳಿದೆ. ಆ ಧ್ವನಿಯೂ ಕಾರ್ಡ್ ನಂಬರನ್ನೇ ಕೇಳಿತು. ಕಳೆದಿದೆ ಸರ್ ಎಂದೆ. "ಕಾರ್ಡ್ ಒಮ್ಮೆ ನೋಡಿ ಹೇಳಿ ಮೇಡಂ" ಎಂದಿತು. ಖಾತೆ ನಂಬರ್, ಹುಟ್ಟಿದ ತಾರೀಖು, ಕೊನೆಯ ವ್ಯವಹಾರ ಇಷ್ಟರಿಂದ ಖಾತೆದಾರರನ್ನು ಗುರುತಿಸಬಹುದು ಎಂದು ನಾನೇ ನೆನಪಿಸಬೇಕಾಯಿತು.

ಆಮೇಲೆ ಅವರು ಕಂಪ್ಯೂಟರ್ ನೋಡಿ, "ಆಲ್ರೆಡಿ ಬ್ಲಾಕ್ ಆಗಿದೆ ಮೇಡಂ, ಚಿಂತೆ ಬೇಡ" ಎಂದರು. ಅದು ನಾನು ಹಾಕಿದ ಲಾಕ್, ನನಗೆ ಬ್ಲಾಕ್ ಬೇಕು ಎಂದೆ. "ಎರಡೂ ಒಂದೇ" ಎಂದರು. ಬ್ಲಾಕ್ ಆಗಿದ್ದರೆ ರೆಫರೆನ್ಸ್ ನಂಬರ್ ಇರಬೇಕಲ್ಲ, ಕೊಡಿ ಎಂದೆ. ಮೆಸೇಜ್ ಬರುತ್ತದೆ ಎಂದರು. ಬರಲಿಲ್ಲ. ಅಲ್ಲಿ ನನ್ನದೂ ಒಂದು ತಪ್ಪಿದೆ. ಆ ನಂಬರ್ ಬರೆದುಕೊಳ್ಳದೆ ಫೋನ್ ಇಡಬಾರದಿತ್ತು. ಹೊಸ ಕಾರ್ಡಿನ ಮಾತಂತೂ ಏಳಲೇ ಇಲ್ಲ.

ಎರಡೂ ಒಂದೇ ಅಲ್ಲ ಎಂಬುದಕ್ಕೆ ಪುರಾವೆ ಶುಕ್ರವಾರ ಸಿಕ್ಕಿತು. ಹೊಸ ಕಾರ್ಡ್ ಯಾವಾಗ ಬರುತ್ತದೆ ಎಂದು ಕೇಳಲು ಮತ್ತೆ ಫೋನ್ ಮಾಡಿದೆ. ಲಾಕ್ ಆದ ಕಾರ್ಡಿನ ಮೇಲೆ ಅರ್ಜಿ ಹಾಕಲು ಸಿಸ್ಟಂ ಬಿಡುತ್ತಿಲ್ಲ, ಒಂದು ನಿಮಿಷ ಎಂದರು ನಿಮ್ಮವರು. 11:26ಕ್ಕೆ ನನ್ನ ಫೋನಿಗೆ ಮೆಸೇಜ್ ಬಂತು: ನಿಮ್ಮ ಕಾರ್ಡ್ ಅನ್‌ಲಾಕ್ ಆಗಿದೆ. ನಾನು ಗಾಬರಿಯಿಂದ ಕೇಳಿದ್ದಕ್ಕೆ "ಪ್ರೊಸೆಸ್ ಮೇಡಂ, ಅರ್ಜಿ ಹಾಕಿದ ತಕ್ಷಣ ತಾನೇ ಮುಚ್ಚಿಕೊಳ್ಳುತ್ತೆ" ಎಂದರು. ಮುಚ್ಚಿಕೊಳ್ಳಲಿಲ್ಲ. ನಾನೇ ಮತ್ತೆ ಲಾಕ್ ಹಾಕಲು ಹೋದರೆ, ಅರ್ಜಿ ಬಾಕಿ ಇದೆ ಎಂದು ಆ್ಯಪ್ ಬಟನ್ನನ್ನೇ ಮಸುಕು ಮಾಡಿತ್ತು.

ಶನಿವಾರ ಬೆಳಗ್ಗೆ ಮೂರು ಮೆಸೇಜ್. ಮೂರೂ ಸಣ್ಣ ಮೊತ್ತ. ಮೂರೂ ಪಿನ್ ಕೇಳದ ಮಿತಿಯೊಳಗೆ, ಸುಮ್ನೆ ಕಾರ್ಡನ್ನು ಮೆಷಿನ್‌ಗೆ ತಾಗಿಸಿ ಎಳೆದದ್ದು. ನಾಲ್ಕನೆಯದಕ್ಕೆ ಮೆಷಿನ್ ಪಿನ್ ಕೇಳಿದೆ. ಕಳ್ಳನಿಗೆ ಗೊತ್ತಿಲ್ಲ, ತಪ್ಪು ಪಿನ್ ಎಂದು ತಿರಸ್ಕಾರ ಆಗಿದೆ. ಮೊದಲ ಮೆಸೇಜ್ ನೋಡಿದ ಕೂಡಲೇ ನಿಮಗೆ ಫೋನ್ ಹಚ್ಚಿದ್ದೆ. ನಿಮ್ಮ ಲೈನ್ ಸಿಗುವ ಹೊತ್ತಿಗೆ ಅವನ ಶಾಪಿಂಗ್ ಮುಗಿದಿತ್ತು. 10:05ಕ್ಕೆ ಕೊನೆಗೂ ನಿಜವಾದ ಬ್ಲಾಕ್ ಆಯಿತು, ಒಬ್ಬ ಹುಡುಗಿ ಎರಡೇ ನಿಮಿಷದಲ್ಲಿ ಮಾಡಿದಳು. ಹೊಸ ಕಾರ್ಡಿನ ಅರ್ಜಿಯೂ ಹಾಕಿದಳು, ರೆಫರೆನ್ಸ್ ನಂಬರ್ ಎರಡು ಸಲ ಓದಿ ಹೇಳಿದಳು. ಅವಳ ಮೇಲೆ ನನ್ನ ದೂರಿಲ್ಲ. ಮಂಗಳವಾರವೇ ಹಾಗಾಗಿದ್ದರೆ ಕಾರ್ಡ್ ತಾಗಿಸಿದ ಕಡೆ ನಿಮ್ಮ ಸಿಸ್ಟಂನಿಂದ 41 ಎಂಬ ಉತ್ತರ ಹೋಗುತ್ತಿತ್ತು. ಕಳೆದುಹೋದ ಕಾರ್ಡ್ ಎಂದು ಅದರ ಅರ್ಥ. ನಿಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಅಲ್ವಾ?

ಸೋಮವಾರ ದೂರು ಕೊಡಲು ಫೋನ್ ಮಾಡಿದರೆ ಸಿಕ್ಕ ಉತ್ತರ ಇದು: ಕಾರ್ಡನ್ನೇ ತಾಗಿಸಿ ಹಣ ಕಟ್ಟಿದ್ದಾರೆ, ಆದ್ದರಿಂದ ಕಾರ್ಡ್ ನಿಮ್ಮ ಹತ್ತಿರವೇ ಇತ್ತು. ಇದಕ್ಕೆ ಏನು ಹೇಳಬೇಕೋ ತಿಳಿಯದೆ ಫೋನ್ ಇಟ್ಟೆ.

ಇಷ್ಟರ ಮೇಲೂ ಸುಮ್ಮನಿರುತ್ತಿದ್ದೆನೇನೋ. ಪತ್ರ ಬರೆಸಿದ್ದು ನಿನ್ನೆ ನಿಮ್ಮ ಶಾಖೆಯ ಮೂರನೇ ಕೌಂಟರಿನಲ್ಲಿ ನಡೆದದ್ದು.

ಹೊಸ ಕಾರ್ಡ್ ಬಂದಿತ್ತು. ಲಕೋಟೆ ಹರಿದಿರಲಿಲ್ಲ, ನಂಬರ್ ಬೇರೆಯದೇ ಇತ್ತು, ಅಲ್ಲಿಗೆ ಸರಿ. ಪಿನ್ ಹಾಕಿಕೊಳ್ಳಲು ಎಟಿಎಂಗೆ ಹೋದರೆ ಒಟಿಪಿ ಬರಲಿಲ್ಲ. ಒಳಗೆ ಬಂದೆ. ಸಾಲಿನಲ್ಲಿ ಹನ್ನೊಂದು ಜನ. ಮುಕ್ಕಾಲು ಗಂಟೆ ಆದ ಮೇಲೆ ನನ್ನ ಸರದಿ. ನಡೆದದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

"ಕಾರ್ಡ್ ಕೊಡಿ. ಪಿನ್ ಎಷ್ಟು ಇಟ್ಕೋತೀರಿ ಹೇಳಿ, ನಾನೇ ಹಾಕಿಸಿ ಕೊಡ್ತೀನಿ."

"ಪಿನ್ ಹೇಳೋಕಾಗಲ್ಲ ಸರ್. ಒಟಿಪಿ ಯಾಕೆ ಬರ್ತಿಲ್ಲ ನೋಡಿ, ಸಾಕು."

"ಒಟಿಪಿ ಎಲ್ಲ ತಡ ಆಗುತ್ತೆ. ನಾಲ್ಕು ನಂಬರ್ ತಾನೇ? ಹೇಳಿ ಮೇಡಂ, ಹಿಂದೆ ಜನ ಕಾಯ್ತಿದ್ದಾರೆ."

"ಯಾರಿಗೂ ಹೇಳಬಾರದು ಅಂತ ನೀವೇ ಹಾಕಿದ್ದೀರಲ್ಲ ಸರ್." ಅವರ ತಲೆಯ ಹಿಂದಿನ ಗೋಡೆ ತೋರಿಸಿದೆ. ಬ್ಯಾಂಕಿನ ಸಿಬ್ಬಂದಿ ಎಂದಿಗೂ ನಿಮ್ಮ ಪಿನ್ ಕೇಳುವುದಿಲ್ಲ ಎಂದು ಕೆಂಪಕ್ಷರದ ಪೋಸ್ಟರ್ ಇತ್ತು. ಅವರು ತಿರುಗಿ ನೋಡಿದರು. ಮೊದಲ ಸಲ ನೋಡುತ್ತಿದ್ದಂತಿತ್ತು.

"ಅದು ಫೋನಲ್ಲಿ ಕೇಳೋ ಕಳ್ಳರಿಗೆ. ನಾವು ಕಳ್ಳರಾ?"

ನಾನು ಮಾತಾಡಲಿಲ್ಲ. ಅವರು ಪಕ್ಕದ ಕೌಂಟರಿನವರ ಕಡೆ ವಾಲಿದರು. ದನಿ ಮಾತ್ರ ಬಾಗಿಲವರೆಗೂ ಕೇಳುವಷ್ಟಿತ್ತು. "ಕಾರ್ಡ್ ಬೀದೀಲಿ ಬೀಳಿಸ್ಕೊಂಡು ಬರ್ತಾರೆ, ಆಮೇಲೆ ನಮಗೆ ಸೇಫ್ಟಿ ಪಾಠ ಹೇಳ್ತಾರೆ."

ಹಿಂದೆ ಯಾರೋ ನಕ್ಕರು. ಇನ್ನೊಬ್ಬರು "ಹೇಳಿಬಿಡಿ ಅಮ್ಮಾ, ಆಮೇಲೆ ಬದಲಾಯಿಸಿಕೊಂಡ್ರಾಯ್ತು" ಎಂದರು. ಕಿವಿ ಬಿಸಿಯಾಯಿತು. ಕಾರ್ಡ್ ಲಕೋಟೆ ಸಮೇತ ಅವರ ಮೇಜಿನ ಮೇಲಿತ್ತು, ಅದರ ಮೇಲೆ ಅವರ ಟೀ ಲೋಟ. ಆ ಲೋಟದ ಉಂಗುರ ಈಗಲೂ ಕಾರ್ಡಿನ ಲಕೋಟೆಯ ಮೇಲಿದೆ. ಫೋಟೋ ಲಗತ್ತಿಸಿದ್ದೇನೆ. ಲೋಟ ಎತ್ತಿಟ್ಟು, ಕಾರ್ಡ್ ತೆಗೆದುಕೊಂಡು, ಒಳಗಿನ ಅಧಿಕಾರಿಯ ಹತ್ತಿರ ಹೋದೆ. ಅವರು ಸ್ಕ್ರೀನ್ ನೋಡಿ ಹೇಳಿದರು: ಹೊಸ ಕಾರ್ಡನ್ನು ಆ್ಯಕ್ಟಿವೇಟ್ ಮಾಡಿಯೇ ಇಲ್ಲ, ಅದಕ್ಕೇ ಒಟಿಪಿ ಬಂದಿಲ್ಲ. ಒಂದು ಕ್ಲಿಕ್ ಮಾಡಿದರು. ಮೆಸೇಜ್ ಬಂತು. ಮುಕ್ಕಾಲು ಗಂಟೆಯ ಸಾಲು ಇದ್ದದ್ದು ಆ ಒಂದು ಕ್ಲಿಕ್ಕಿಗೆ.

ಆ ನೌಕರರಿಗೆ ಯಾರಾದರೂ ಒಂದು ವಿಷಯ ತಿಳಿಸಬೇಕು. ಎಟಿಎಂನ ಕೀಲಿಗಳ ಕೆಳಗೆ, ಒತ್ತಿದ ಅಂಕಿ ಅಲ್ಲೇ ಗೂಢಲಿಪಿ ಆಗುತ್ತದೆ. ಒತ್ತಿದ ಪಿನ್ ಸರಿಯೋ ತಪ್ಪೋ ಎಂದು ಮಾತ್ರ ನಿಮ್ಮ ಕಂಪ್ಯೂಟರ್ ಹೇಳಬಲ್ಲದು, ಪಿನ್ ಎಷ್ಟು ಎಂದು ಯಾವ ಸಿಬ್ಬಂದಿಯ ಪರದೆಗೂ ಬರುವುದಿಲ್ಲ. ಇಷ್ಟೆಲ್ಲ ಕಷ್ಟಪಟ್ಟು ಕಟ್ಟಿದ್ದು, ಪಿನ್ ಖಾತೆದಾರರ ತಲೆಯಲ್ಲಿ ಬಿಟ್ಟು ಬೇರೆಲ್ಲೂ ಇರಬಾರದು ಎಂದು. ಅದನ್ನು ಅವರು ಸಾಲಿನಲ್ಲಿದ್ದ ಜನರೆದುರು ಬಾಯಲ್ಲಿ ಕೇಳಿದರು. ನಾಳೆ ನನ್ನ ಖಾತೆಯಿಂದ ಹಣ ಹೋದರೆ "ಪಿನ್ ಹಾಕಿಯೇ ತೆಗೆದಿದ್ದಾರೆ, ನೀವೇ ಯಾರಿಗೋ ಹೇಳಿರಬೇಕು" ಎನ್ನುವವರೂ ನೀವೇ.

ಪಿನ್ ಅನ್ನು ಎಟಿಎಂನಲ್ಲಿ ಒಬ್ಬಳೇ ನಿಂತು, ಕೈ ಅಡ್ಡ ಹಿಡಿದು ಹಾಕಿಕೊಂಡೆ. ಹಳೆಯ ಪಿನ್ ಇಟ್ಟಿಲ್ಲ. ಹುಟ್ಟಿದ ವರ್ಷವನ್ನೂ ಇಟ್ಟಿಲ್ಲ, ಅದು ಮಂಗಳವಾರದಿಂದ ನಿಮ್ಮ ಅರ್ಧ ಸಹಾಯವಾಣಿಗೆ ಗೊತ್ತಾಗಿದೆ. ಅಲ್ಲೇ ಸಣ್ಣದೊಂದು ಮೊತ್ತ ತೆಗೆದು, ಪಿನ್ ಕೆಲಸ ಮಾಡುತ್ತದೆ ಎಂದು ಖಾತ್ರಿ ಮಾಡಿಕೊಂಡೆ. ತಾಗಿಸಿ ಹಣ ಕಟ್ಟುವ ಸೌಲಭ್ಯವನ್ನು ಆ್ಯಪ್‌ನಲ್ಲಿ ಬಂದ್ ಮಾಡಿದ್ದೇನೆ. ನಿಮ್ಮನ್ನು ನೋಡಿದ ಮೇಲೆ ಬಂದ್ ಮಾಡುವ ಅಗತ್ಯ ಜಾಸ್ತಿ ಕಂಡಿತು.

ನಿಮ್ಮದೇ ನಿಯಮಗಳ ಪುಸ್ತಿಕೆಯಲ್ಲಿ, ಕಾರ್ಡ್ ಕಳೆದ ವಿಷಯ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಖಾತೆದಾರರದ್ದಲ್ಲ ಎಂದಿದೆ. ನಾನು ತಿಳಿಸಿದ್ದು ಮಂಗಳವಾರ 7:04ಕ್ಕೆ. ಹಣ ಹೋದದ್ದು ಶನಿವಾರ. ಮೂರೂ ಮೊತ್ತ ನನ್ನ ಖಾತೆಗೆ ವಾಪಸ್ ಬರಬೇಕು, ಹೊಸ ಕಾರ್ಡಿಗೆ ಕಡಿದ ಶುಲ್ಕವೂ ಸೇರಿ. ಶುಕ್ರವಾರ 11:26ಕ್ಕೆ ಲಾಕ್ ತೆಗೆದವರು ಯಾರು, ಯಾರ ಅನುಮತಿಯಿಂದ ಎಂದು ಬರಹದಲ್ಲಿ ಉತ್ತರ ಬೇಕು. ಮಂಗಳವಾರ ಮತ್ತು ಶುಕ್ರವಾರದ ಕರೆಗಳ ರೆಕಾರ್ಡಿಂಗ್ ಅಳಿಸಬೇಡಿ. "ಗುಣಮಟ್ಟಕ್ಕಾಗಿ ಈ ಕರೆಯನ್ನು ದಾಖಲಿಸಲಾಗುತ್ತಿದೆ" ಎಂದು ನೀವೇ ಹೇಳಿದ್ದೀರಿ, ಆ ಗುಣಮಟ್ಟ ಎಂಥದ್ದು ಎಂದು ಬೇರೆಯವರೂ ಕೇಳಲಿ. ಮೆಸೇಜುಗಳ ಪ್ರತಿ ಲಗತ್ತಿಸಿದ್ದೇನೆ. ಅವುಗಳಲ್ಲಿ ಕಾರ್ಡ್ ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಇದೆ. ಉಳಿದ ಹನ್ನೆರಡು ಬೇಕಾದರೆ ಕಳ್ಳನನ್ನು ಕೇಳಿ, ಕಾರ್ಡ್ ಅವನ ಹತ್ತಿರ ಇದೆ, ನೋಡಿ ಓದಿ ಹೇಳಬಹುದು.

ಮೂವತ್ತು ದಿನ ಕಾಯುತ್ತೇನೆ. ಉತ್ತರ ಬರದಿದ್ದರೆ ಇದೇ ಪತ್ರ ಓಂಬುಡ್ಸ್‌ಮನ್ ಕಚೇರಿಗೆ ಹೋಗುತ್ತದೆ. ಆಮೇಲೆ ಖಾತೆ ಮುಚ್ಚಲು ನಾನೇ ಬರುತ್ತೇನೆ. ಒಳಗಿನ ಅಧಿಕಾರಿಯ ಹತ್ತಿರ ಹೋಗುವುದಿಲ್ಲ. ಮೂರನೇ ಕೌಂಟರಿನ ಸಾಲಿನಲ್ಲೇ ನಿಂತು, ನನ್ನ ಸರದಿ ಬಂದಾಗ, ಈ ಪತ್ರವನ್ನು ಬಾಗಿಲವರೆಗೂ ಕೇಳುವ ದನಿಯಲ್ಲಿ ಓದುತ್ತೇನೆ.

ಇಂತಿ,
ಸದ್ಯಕ್ಕೆ ನಿಮ್ಮ ಖಾತೆದಾರಳು

ಲಗತ್ತು: ಮೆಸೇಜುಗಳ ಪ್ರತಿ, ಶನಿವಾರದ ರೆಫರೆನ್ಸ್ ನಂಬರ್, ಟೀ ಕಲೆಯ ಲಕೋಟೆಯ ಫೋಟೋ